ಒಂದು ಅಕ್ಷರದ ಮರ್ಯಾದೆ

ಇಂದು ನಾವು ಎತ್ತಿಕೊಂಡಿರುವ ವಿಷಯವು ಬಹಳ ಚಿಕ್ಕದು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಲ್ಲಿ ಒಂದಾದ ಯು ಎಂಬುದು ಒಂದು ಮಾತಿನಲ್ಲಿ ಏಕೆ ಇದೆ, ಅದರ ಮಗ್ಗುಲಲ್ಲಿರುವ ಇನ್ನೊಂದು ಮಾತಿನಲ್ಲಿ ಏಕೆ ಇಲ್ಲ ಎಂಬುದಷ್ಟೇ ಪ್ರಶ್ನೆ. ಆದರೆ ಈ ಒಂದು ಅಕ್ಷರಕ್ಕಾಗಿ ಐದು ನೂರು ಆಮಂತ್ರಣ ಪತ್ರಿಕೆಗಳು ರದ್ದಿಗೆ ಹೋದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ಸಂಗತಿಯಿಂದಲೇ ಆರಂಭಿಸುವುದು ಒಳ್ಳೆಯದು.

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟರೆ ದಾರಿಯಲ್ಲಿ ಕಮಲಾಪುರವು ಸಿಕ್ಕುತ್ತದೆ. ಅಲ್ಲಿಯ ಕೆಂಪು ಬಾಳೆಯ ಹಣ್ಣನ್ನು ತಿಳಿಯದವರು ನಮ್ಮ ಸೀಮೆಯಲ್ಲಿ ಇಲ್ಲ. ಆ ಊರಿನ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಪತ್ರಿಕೆಯನ್ನು ಅಚ್ಚು ಹಾಕಿಸುವುದಾಯಿತು. ಎಡಗಡೆಯಲ್ಲಿ ಕನ್ನಡ, ಬಲಗಡೆಯಲ್ಲಿ ಇಂಗ್ಲಿಷು. ಮುಖ್ಯ ಅತಿಥಿಗಳ ಹೆಸರಿನ ಹಿಂದೆ ಆನರಬಲ್ ಎಂದೂ, ಶಾಲೆಗೆ ಸ್ಥಳವನ್ನು ದಾನವಾಗಿ ಕೊಟ್ಟ ತೋಟದ ಯಜಮಾನರ ಹೆಸರಿನ ಹಿಂದೆ ಆನರರಿ ಪ್ರೆಸಿಡೆಂಟ್ ಎಂದೂ ಇರಬೇಕಾಗಿತ್ತು. ಮುಖ್ಯೋಪಾಧ್ಯಾಯರು ಬರಹವನ್ನು ತಮ್ಮ ಮೊಬೈಲಿನಲ್ಲಿ ಸಿದ್ಧಪಡಿಸಿ ಕಲಬುರಗಿಯ ಒಂದು ಮುದ್ರಣಾಲಯಕ್ಕೆ ಕಳುಹಿಸಿದರು. ಆ ಯಂತ್ರವು ಅಮೆರಿಕದ ಅಕ್ಷರಕ್ರಮವನ್ನು ಕಲಿತದ್ದು. ಆನರಬಲ್ ಎಂಬಲ್ಲಿ ಇದ್ದ ಯು ಅಕ್ಷರವನ್ನು ಅದು ತಾನಾಗಿಯೇ ತೆಗೆದುಹಾಕಿತು. ಅದನ್ನು ಯಾರೂ ಗಮನಿಸಲಿಲ್ಲ. ಕರಡಚ್ಚು ಬಂದಾಗ ಮುಖ್ಯೋಪಾಧ್ಯಾಯರ ಕಣ್ಣು ಆನರರಿ ಎಂಬುದರ ಮೇಲೆ ಬಿದ್ದಿತು. ಅಲ್ಲಿ ಯು ಇರಲಿಲ್ಲ. ಮುವ್ವತ್ತು ವರ್ಷಗಳಿಂದ ಮಕ್ಕಳಿಗೆ ಆನರ್ ಎಂಬುದನ್ನು ಎಚ್, ಒ, ಎನ್, ಒ, ಯು, ಆರ್ ಎಂದು ಬಾಯಿಪಾಠ ಮಾಡಿಸಿದವರು ಅವರು; ಕೆಂಪು ಮಸಿಯಿಂದ ಒಂದು ಯುವನ್ನು ಸೇರಿಸಿದರು. ಹೀಗೆ ಇರಬೇಕಾದಲ್ಲಿ ಇಲ್ಲದೆ, ಇರಬಾರದಲ್ಲಿ ಇದ್ದು, ಎರಡು ತಪ್ಪುಗಳೂ ಒಂದೇ ಪತ್ರಿಕೆಯಲ್ಲಿ ಅಚ್ಚಾದವು.

ಪತ್ರಿಕೆಯನ್ನು ನಮಗೆ ಕೊಡಲು ಮುಖ್ಯೋಪಾಧ್ಯಾಯರು ತೋಟದ ಯಜಮಾನರೊಡನೆ ಬಂದಿದ್ದರು. ನಾವು ಸಂಕೋಚದಿಂದಲೇ ತಪ್ಪನ್ನು ತೋರಿಸಿದೆವು. ಮುಖ್ಯೋಪಾಧ್ಯಾಯರು ಸುಲಭವಾಗಿ ಒಪ್ಪುವವರಲ್ಲ. “ತಾಯಿಗೆ ಇದ್ದ ಮೂಗು ಒಬ್ಬ ಮಗಳಿಗೆ ಇದ್ದು, ಇನ್ನೊಬ್ಬ ಮಗಳಿಗೆ ಇಲ್ಲ ಅಂದ್ರ ಹ್ಯಾಂಗ್ರಿ ಸರ?” ಎಂದು ಕೇಳಿದರು. ಯಜಮಾನರು ನಕ್ಕು, “ಒಂದು ಅಕ್ಷರ ಜಾಸ್ತಿನೇ ಕೊಟ್ಟಾರ, ಕಮ್ಮಿ ಮಾಡಿಲ್ಲಲ್ರಿ, ಇರಲಿ ಬಿಡ್ರಿ” ಎಂದರು. ಯಜಮಾನರ ಮಾತು ಔದಾರ್ಯದ ಮಾತು. ಮುಖ್ಯೋಪಾಧ್ಯಾಯರ ಮಾತು ನ್ಯಾಯದ ಮಾತು. ನ್ಯಾಯವಾಗಿ ಕೇಳಿದ ಪ್ರಶ್ನೆಗೆ “ನಿಘಂಟಿನಲ್ಲಿ ಹಾಗಿದೆ” ಎಂದರೆ ಉತ್ತರವಾಗದು. ಅಂದು ನಾವು ಕೊಟ್ಟ ಉತ್ತರವನ್ನೇ ಈಗ ಸ್ವಲ್ಪ ವಿಸ್ತರಿಸಿ ಹೇಳುತ್ತೇವೆ.

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಉಚ್ಚಾರಣೆಯು ಇಲ್ಲಿ ನಮಗೆ ಸಹಾಯಕ್ಕೆ ಬಾರದು. ಆನರ್, ಆನರಬಲ್, ಆನರರಿ ಎಂಬ ಮೂರನ್ನೂ ಗಟ್ಟಿಯಾಗಿ ಹೇಳಿ ನೋಡಿ. ಮೊದಲಿನ ಭಾಗವು ಮೂರರಲ್ಲಿಯೂ ಒಂದೇ. ನಮ್ಮ ಲಿಪಿಯಲ್ಲಿ ಬರೆದಾಗಲಂತೂ ಭೇದವೇ ಕಾಣದು. ನುಡಿದಂತೆ ಬರೆಯುವ ಲಿಪಿಯ ಗುಣವೇ ಅದು. ಲೇಬರ್ ಎಂಬ ಮಾತಿನಿಂದ ಲಬೋರಿಯಸ್ ಎಂಬುದು ಆಗುವಾಗ ಒತ್ತು ಮುಂದಕ್ಕೆ ಸರಿದು ಸ್ವರವು ಬದಲಾಗುತ್ತದೆ. ಅಲ್ಲಿ ಯು ಬಿದ್ದುಹೋದುದಕ್ಕೆ ಕಿವಿಯೇ ಸಾಕ್ಷಿ ಎಂದು ಬೇಕಾದರೆ ಹೇಳಬಹುದು. ಆನರರಿ ಎಂಬಲ್ಲಿ ಅಂತಹ ಸಾಕ್ಷಿ ಏನೂ ಇಲ್ಲ. ಆದುದರಿಂದ ಕಾರಣವನ್ನು ಧ್ವನಿಯಲ್ಲಿ ಹುಡುಕದೆ ವಂಶಾವಳಿಯಲ್ಲಿ ಹುಡುಕಬೇಕು.

ಈ ವಂಶದ ಮೂಲಪುರುಷನು ಲ್ಯಾಟಿನ್ ಭಾಷೆಯವನು. ಆ ಭಾಷೆಯಲ್ಲಿ ಈ ಮಾತು ಎಚ್, ಒ, ಎನ್, ಒ, ಆರ್ ಎಂಬ ಐದು ಅಕ್ಷರಗಳದು, ಯು ಇಲ್ಲ. ರೋಮನರ ಲ್ಯಾಟಿನ್ ಕಾಲಕ್ರಮದಲ್ಲಿ ಜನರ ಬಾಯಲ್ಲಿ ಸವೆದು ಫ್ರೆಂಚ್ ಆಯಿತು. ಹಾಗೆ ಸವೆಯುವಾಗ ಕೊನೆಯ ದೀರ್ಘವಾದ ಓಕಾರವು ಉತ್ತರ ಫ್ರಾನ್ಸಿನ ಜನರ ನಾಲಗೆಯ ಮೇಲೆ ಊಕಾರದ ಕಡೆಗೆ ವಾಲಿತು. ಮೊದಲಿನ ಹಕಾರವು ಕೇಳಿಸದೆ ಹೋಯಿತು. 1066ರಲ್ಲಿ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದ ಮೇಲೆ, ಆ ದೇಶದ ಅರಮನೆ, ನ್ಯಾಯಸ್ಥಾನ, ಮಠಗಳಲ್ಲಿ ನಾರ್ಮನರ ಫ್ರೆಂಚು ಆಳತೊಡಗಿತು. ಅಲ್ಲಿಯ ಲೇಖಕರು ತಮ್ಮ ಕಿವಿಗೆ ಬಿದ್ದ ಸ್ವರವನ್ನು ಒಮ್ಮೆ ಒ ಎಂದೂ, ಒಮ್ಮೆ ಯು ಎಂದೂ, ಒಮ್ಮೆ ಒ ಮತ್ತು ಯು ಜೋಡಿಸಿಯೂ ಬರೆದರು. 1200ರ ಸುಮಾರಿಗೆ ಈ ಮಾತು ಇಂಗ್ಲಿಷಿನೊಳಗೆ ಬಂದು ನೆಲಸಿತು. ಹೀಗೆ ಬಂದವನ ಮೈಮೇಲೆ ಪ್ರಯಾಣದ ಗುರುತೊಂದು ಉಳಿದುಕೊಂಡಿತು. ಆ ಗುರುತೇ ಯು. ಪ್ಯಾರಿಸಿನ ಫ್ರೆಂಚಿನಲ್ಲಿ ಅದೇ ಸ್ವರವು ಮುಂದೆ ಬೇರೆ ದಾರಿ ಹಿಡಿದು, ಈಗ ಅದನ್ನು ಅವರು ಇ ಮತ್ತು ಯು ಕೂಡಿಸಿ ಬರೆಯುತ್ತಾರೆ. ಇಂಗ್ಲೆಂಡಿನಲ್ಲಿ ಮಾತ್ರ ನಾರ್ಮನ್ ಲೇಖಕನ ಕೈಬರಹವೇ ಇಂದಿಗೂ ನಿಂತಿದೆ. ಕಲರ್, ಫೇವರ್, ಲೇಬರ್, ಓಡರ್, ವಿಗರ್ ಮುಂತಾದ ಮಾತುಗಳ ಕತೆಯೂ ಬಹುಮಟ್ಟಿಗೆ ಇದೇ.

ಈಗ ಎರಡನೆಯ ಮಗಳ ಕಡೆಗೆ ಬರೋಣ. ಆನರರಿ ಎಂಬ ಮಾತು ಆನರ್ ಎಂಬುದಕ್ಕೆ ಇಂಗ್ಲೆಂಡಿನಲ್ಲಿ ಹುಟ್ಟಿದ ಮಗಳೇ ಅಲ್ಲ. ಅದು ಇಂಗ್ಲಿಷಿಗೆ ಬಂದುದು ನಾಲ್ಕು ನೂರು ವರ್ಷಗಳ ಅನಂತರ, ಹದಿನೇಳನೆಯ ಶತಮಾನದ ಆದಿಭಾಗದಲ್ಲಿ. ಆ ಕಾಲದ ಇಂಗ್ಲೆಂಡಿನಲ್ಲಿ ಪಂಡಿತರಾದವರೆಲ್ಲರೂ ಲ್ಯಾಟಿನ್ ಗ್ರಂಥಗಳನ್ನು ಓದುತ್ತಿದ್ದರು, ಲ್ಯಾಟಿನ್ನಿನಲ್ಲಿಯೇ ಬರೆಯುತ್ತಲೂ ಇದ್ದರು. ತಮ್ಮ ಭಾಷೆಗೆ ಬೇಕಾದ ಮಾತನ್ನು ಜನರ ಬಾಯಿಂದಲ್ಲ, ಪುಸ್ತಕದ ಪುಟದಿಂದಲೇ ಎತ್ತಿಕೊಳ್ಳುತ್ತಿದ್ದರು. ಲ್ಯಾಟಿನ್ನಿನಲ್ಲಿ ಆನರ್ ಎಂಬ ಪ್ರಕೃತಿಗೆ ಏರಿಯಸ್ ಎಂಬ ಪ್ರತ್ಯಯವು ಹತ್ತಿ ಆಗಲೇ ಒಂದು ಸಿದ್ಧಪದವಿತ್ತು. ‘ಗೌರವಾರ್ಥವಾದುದು’ ಎಂದು ಅದರ ಅರ್ಥ. ಅದರ ಬಾಲವನ್ನು ಮಾತ್ರ ಇಂಗ್ಲಿಷಿಗೆ ಒಗ್ಗುವಂತೆ ಕತ್ತರಿಸಿ, ಉಳಿದುದನ್ನು ಇದ್ದಂತೆಯೇ ಇಟ್ಟುಕೊಂಡರು. ಅದು ನಾರ್ಮಂಡಿಯ ದಾರಿಯನ್ನು ತುಳಿದಿರಲಿಲ್ಲವಾದುದರಿಂದ ಆ ದಾರಿಯ ಗುರುತು ಅದರ ಮೇಲೆ ಇಲ್ಲ. ಅದೇ ಶತಮಾನದಲ್ಲಿ ಬಂದ ಆನರೇರಿಯಂ, ಆನರಿಫಿಕ್ ಎಂಬ ಮಾತುಗಳಲ್ಲಿಯೂ ಯು ಇಲ್ಲ. ಆದುದರಿಂದ “ಆನರರಿಯಲ್ಲಿ ಯು ಬಿದ್ದುಹೋಯಿತು” ಎನ್ನುವ ಮಾತೇ ಸರಿಯಲ್ಲ. ಬೀಳುವುದಕ್ಕೆ ಮೊದಲು ಅದು ಅಲ್ಲಿ ಇರಬೇಕಷ್ಟೆ. ಅದು ಅಲ್ಲಿ ನೆಲೆಯಾಗಿ ನಿಂತದ್ದೇ ಇಲ್ಲ.

ಇಲ್ಲಿ ಒಂದು ಸ್ವಾರಸ್ಯವುಂಟು. ಬರಹದಲ್ಲಿ ಲ್ಯಾಟಿನ್ನನ್ನು ಅನುಸರಿಸಿದ ಈ ಮಾತು, ನುಡಿಯುವಾಗ ಮಾತ್ರ ಮನೆಯಲ್ಲಿ ಮೊದಲೇ ಇದ್ದ ಅಕ್ಕನನ್ನು ಅನುಸರಿಸಿತು. ಆನರ್ ಎಂಬಲ್ಲಿ ಹಕಾರವು ಕೇಳಿಸದಿರುವುದು ಫ್ರೆಂಚರಿಂದ ಬಂದ ಪದ್ಧತಿ. ಲ್ಯಾಟಿನ್ ಪುಸ್ತಕದಿಂದ ಬಂದ ಆನರರಿಯಲ್ಲಿ ಹಕಾರವನ್ನು ನುಡಿಯದಿರುವುದಕ್ಕೆ ಬೇರೆ ಕಾರಣವಿಲ್ಲ. ಅಕ್ಕ ನುಡಿಯದುದನ್ನು ತಂಗಿಯೂ ನುಡಿಯಲಿಲ್ಲ. ಹೀಗೆ ಒಂದೇ ಮಾತಿನಲ್ಲಿ ಕಣ್ಣು ಒಂದು ದೇಶದ ಕಡೆಗೂ ಕಿವಿ ಇನ್ನೊಂದು ದೇಶದ ಕಡೆಗೂ ತಿರುಗಿವೆ.

ಕನ್ನಡಿಗರಿಗೆ ಈ ವ್ಯವಸ್ಥೆಯು ಹೊಸದಲ್ಲ. ನಮ್ಮ ವೈಯಾಕರಣರು ಇದಕ್ಕೆ ಬಹುಕಾಲದ ಹಿಂದೆಯೇ ಹೆಸರಿಟ್ಟಿದ್ದಾರೆ: ಒಂದು ತದ್ಭವ, ಇನ್ನೊಂದು ತತ್ಸಮ. ಜನರ ಬಾಯಲ್ಲಿ ಹೊರಳಿ ರೂಪ ಬದಲಿಸಿ ಬಂದುದು ತದ್ಭವ. ಪುಸ್ತಕದಿಂದ ಇದ್ದಂತೆಯೇ ಬಂದುದು ತತ್ಸಮ. ಆನರ್ ಎಂಬುದು ಇಂಗ್ಲಿಷಿನ ತದ್ಭವ, ಆನರರಿ ಎಂಬುದು ಇಂಗ್ಲಿಷಿನ ತತ್ಸಮ. ಮುಖ್ಯೋಪಾಧ್ಯಾಯರಿಗೆ ನಾವು ಇದನ್ನು ಅವರ ಪತ್ರಿಕೆಯಿಂದಲೇ ತೋರಿಸಿದೆವು. ಎಡಗಡೆಯ ಕನ್ನಡದಲ್ಲಿ ‘ವಾರ್ಷಿಕೋತ್ಸವ’ ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿತ್ತು. ಸಂಸ್ಕೃತದ ವರ್ಷ ಎಂಬುದು ಕನ್ನಡಿಗರ ಬಾಯಲ್ಲಿ ವರುಷವಾಗಿದೆ. ನಡುವೆ ಒಂದು ಉಕಾರ ಬಂದು ಸೇರಿದೆ. ವರುಷದ, ವರುಷಕ್ಕೆ, ವರುಷವಿಡೀ ಎಂದು ಕನ್ನಡದ ಪ್ರತ್ಯಯಗಳನ್ನು ಹಚ್ಚಿದಾಗ ಆ ಉಕಾರವು ಅಲ್ಲಿಯೇ ಇರುತ್ತದೆ. ಆದರೆ ಸಂಸ್ಕೃತದ ಇಕ ಪ್ರತ್ಯಯವು ಬಂದಾಗ ನಾವು ವಾರ್ಷಿಕ ಎನ್ನುತ್ತೇವೆ. ‘ವಾರುಷಿಕ’ ಎಂದು ಬರೆದು, “ತಾಯಿಯಾದ ವರುಷದಲ್ಲಿ ಉಕಾರವಿದೆ, ಮಗಳಲ್ಲಿಯೂ ಇರಲಿ” ಎಂದು ಯಾರಾದರೂ ವಾದಿಸಿದರೆ ಮುಖ್ಯೋಪಾಧ್ಯಾಯರೇ ಕೆಂಪು ಮಸಿಯನ್ನು ಕೈಗೆ ತೆಗೆದುಕೊಳ್ಳುವುದಿಲ್ಲವೆ? ವಾರ್ಷಿಕವು ವರುಷದ ಮಗಳಲ್ಲ, ವರ್ಷದ ಮಗಳು. ಹಾಗೆಯೇ ಆನರರಿಯು ಯು ಉಳ್ಳ ಇಂಗ್ಲಿಷ್ ಆನರಿನ ಮಗಳಲ್ಲ, ಯು ಇಲ್ಲದ ಲ್ಯಾಟಿನ್ ಆನರಿನ ಮಗಳು. ಹೋಲಿಕೆಗೆ ಒಂದು ಮಿತಿಯುಂಟು: ವರುಷದ ಉಕಾರವನ್ನು ನಾವು ನುಡಿಯುತ್ತೇವೆ, ಇಂಗ್ಲಿಷಿನ ಈ ಯು ಬರಹದಲ್ಲಿ ಮಾತ್ರ ಉಂಟು. ವ್ಯವಸ್ಥೆ ಮಾತ್ರ ಎರಡರಲ್ಲಿಯೂ ಒಂದೇ.

ಕಲಬುರಗಿ ಜಿಲ್ಲೆಯವರಾದ ನಮಗೆ ಈ ವಿಷಯದಲ್ಲಿ ಇನ್ನಷ್ಟು ಅಭಿಮಾನಕ್ಕೆ ಕಾರಣವಿದೆ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಕನ್ನಡದ ಮಾತಿಗೆ ಸಂಸ್ಕೃತದ ಮಾತನ್ನು ಹೊಂದಿಕೆಯಿಲ್ಲದೆ ಬೆರಸಿ ಸಮಾಸ ಮಾಡುವುದನ್ನು ದೋಷವೆಂದು ಎಣಿಸಿತು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಇದನ್ನೇ ಅರಿಸಮಾಸವೆಂಬ ಹೆಸರಿನಿಂದ ವಿಚಾರಿಸಿದ್ದಾನೆ. ಅರಿ ಎಂದರೆ ಶತ್ರು, ಒಂದಕ್ಕೊಂದು ಹಗೆಯಾದ ಮಾತುಗಳ ಕೂಟವೆಂದು ತಾತ್ಪರ್ಯ. ‘ಆನರ್’ ಎಂಬ ನಾರ್ಮನ್ ರೂಪಕ್ಕೆ ‘ಅರಿ’ ಎಂಬ ಲ್ಯಾಟಿನ್ ಬಾಲವನ್ನು ಅಂಟಿಸಿ ಯು ಸಹಿತವಾಗಿ ಬರೆದರೆ ಆಗುವುದು ಇಂತಹುದೇ ಒಂದು ಕೂಟ. ಇಂಗ್ಲಿಷರಿಗೆ ಕೇಶಿರಾಜನಿರಲಿಲ್ಲ, ಆದರೂ ಅವರ ಬರಹಗಾರರ ರೂಢಿಯು ಬಹುಮಟ್ಟಿಗೆ ಅದೇ ತೀರ್ಪಿಗೆ ಬಂದಿತು.

ಇಷ್ಟು ಹೇಳಿದ ಕೂಡಲೇ ಸೂಕ್ಷ್ಮಬುದ್ಧಿಯವರು ಒಂದು ಆಕ್ಷೇಪವನ್ನು ತರಬಹುದು. ಆನರಬಲ್ ಎಂಬುದಕ್ಕೂ ಲ್ಯಾಟಿನ್ನಿನಲ್ಲಿ ಮೂಲವಿಲ್ಲವೆ? ಇದೆ. ಲ್ಯಾಟಿನ್ನಿನ ಒಂದು ಸಿದ್ಧಪದವೇ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಆನರಬಲ್ ಆದುದು. ಫ್ರೆಂಚರು ಅದನ್ನು ಇಂದು ಯು ಇಲ್ಲದೆಯೇ ಬರೆಯುತ್ತಾರೆ. ವಂಶಾವಳಿಯೊಂದೇ ಪ್ರಮಾಣವಾದರೆ ಅಲ್ಲಿಯೂ ಯು ಇರಬೇಕಾಗಿಲ್ಲ. ಹಾಗಾದರೆ ಅದು ಹೇಗೆ ಬಂದಿತು?

ಉತ್ತರವು ಏಬಲ್ ಎಂಬ ಪ್ರತ್ಯಯದಲ್ಲಿದೆ. ಅದು ಹುಟ್ಟಿನಿಂದ ಲ್ಯಾಟಿನ್ನಿನದಾದರೂ ಇಂಗ್ಲಿಷಿನಲ್ಲಿ ಮನೆಮಗನಾಯಿತು. ಮೊದಮೊದಲು ಫ್ರೆಂಚ್ ಮಾತುಗಳ ಜೊತೆಯಲ್ಲಿ ಮಾತ್ರ ಬರುತ್ತಿದ್ದುದು, ಕ್ರಮೇಣ ಅಚ್ಚ ಇಂಗ್ಲಿಷಿನ ಧಾತುಗಳಿಗೂ ಹತ್ತತೊಡಗಿತು. ರೀಡ್, ಡ್ರಿಂಕ್, ಈಟ್ ಎಂಬವು ನಾರ್ಮನರು ಬರುವ ಮೊದಲೇ ಆ ದೇಶದಲ್ಲಿದ್ದ ಮಾತುಗಳು. ಅವುಗಳಿಂದ ರೀಡಬಲ್, ಡ್ರಿಂಕಬಲ್, ಈಟಬಲ್ ಎಂದು ಯಾವ ಅಳುಕೂ ಇಲ್ಲದೆ ಮಾಡಿಕೊಂಡರು. ನಮ್ಮಲ್ಲಿ ಸಂಸ್ಕೃತದಿಂದ ಬಂದ ವಂತ ಎಂಬುದು ಹೀಗೆಯೇ ಮನೆಮಾತಾಗಿದೆ. ಗುಣವಂತ, ಬುದ್ಧಿವಂತ ಎಂಬುವುಗಳ ಜೊತೆಗೆ ಹಣವಂತ, ಸಿರಿವಂತ ಎಂದೂ ನಾವು ಹೇಳುತ್ತೇವೆ. ಶ್ರೀ ಎಂಬುದು ಸಿರಿಯಾಗಿ ತದ್ಭವವಾದರೂ ವಂತವು ಅದನ್ನು ದೂರ ಮಾಡಲಿಲ್ಲ. ಹಾಗೆ ಏಬಲ್ ಎಂಬುದು ಜನರ ಕೈಯಲ್ಲಿ ಓಡಾಡುವ ನಾಣ್ಯವಾದ ಮೇಲೆ, ಆನರಬಲ್ ಎಂಬುದನ್ನು ಕಂಡ ಇಂಗ್ಲಿಷನಿಗೆ ಅದು ಪ್ಯಾರಿಸಿನಿಂದ ಬಂದ ಇಡಿಯ ಮಾತಾಗಿ ಕಾಣಲಿಲ್ಲ. ತನ್ನ ಮನೆಯ ಆನರಿಗೆ ತನ್ನ ಮನೆಯ ಏಬಲ್ ಅಂಟಿಕೊಂಡಂತೆ ಕಂಡಿತು. ಆದುದರಿಂದ ಆನರ್ ಎಂಬುದನ್ನು ಯು ಸಹಿತವಾಗಿ ಪೂರ್ತಿ ಬರೆದು ಅದರ ಮುಂದೆ ಏಬಲ್ ಎಂದು ಬರೆದನು. ಆನರರಿಯನ್ನು ಹೀಗೆ ಒಡೆಯಲು ಬಾರದು. ಅರಿ ಎಂಬ ಪ್ರತ್ಯಯವು ಅವನ ಮನೆಯಲ್ಲಿ ಓಡಾಡುವುದಲ್ಲ; ಮಿಲಿಟರಿ, ಲಿಟರರಿ, ಆರ್ಡಿನರಿ ಮುಂತಾಗಿ ಲ್ಯಾಟಿನ್ ಮಾತುಗಳ ಸಂಗಡ ಮಾತ್ರ ಕಾಣುವುದು. ರೀಡ್ ಎಂಬುದಕ್ಕೆ ಅದನ್ನು ಹಚ್ಚಿ ‘ರೀಡರಿ’ ಎಂದರೆ ಮಕ್ಕಳೂ ನಗುವರು.

ಹೀಗೆ ನಮಗೆ ಒಂದು ಕೈಗೋಲು ದೊರಕಿತು. ಯು ಇರಬೇಕೋ ಬೇಡವೋ ಎಂಬ ಸಂದೇಹ ಬಂದಾಗ, ಹಿಂದೆ ಬರುವ ಪ್ರತ್ಯಯವನ್ನು ನೋಡಬೇಕು. ಅದು ಅಚ್ಚ ಇಂಗ್ಲಿಷಿನ ಮಾತುಗಳಿಗೂ ಸಲೀಸಾಗಿ ಹತ್ತುವಂತಹುದಾದರೆ ಯು ನಿಲ್ಲುತ್ತದೆ. ಲ್ಯಾಟಿನ್ ಮಾತುಗಳನ್ನೇ ಹುಡುಕುವಂತಹುದಾದರೆ ಯು ಇರುವುದಿಲ್ಲ. ಒಂದು ಒಳ್ಳೆಯ ಉದಾಹರಣೆಯನ್ನು ನೋಡಿ. ಓಡರ್ ಎಂದರೆ ವಾಸನೆ, ಯು ಉಂಟು. ಲೆಸ್ ಎಂಬುದು ಅಚ್ಚ ಇಂಗ್ಲಿಷಿನ ಪ್ರತ್ಯಯ. ಓಡರ್‌ಲೆಸ್, ಎಂದರೆ ವಾಸನೆಯಿಲ್ಲದ್ದು, ಎಂಬಲ್ಲಿ ಯು ನಿಲ್ಲುತ್ತದೆ. ಅಸ್ ಎಂಬುದು ಲ್ಯಾಟಿನ್ ಮೂಲದ ಪ್ರತ್ಯಯ. ಓಡರಸ್, ಎಂದರೆ ವಾಸನೆಯುಳ್ಳದ್ದು, ಎಂಬಲ್ಲಿ ಯು ಇಲ್ಲ. ಹ್ಯೂಮರ್‌ಲೆಸ್ ಮತ್ತು ಹ್ಯೂಮರಸ್ ಎಂಬ ಜೋಡಿಯೂ ಹಾಗೆಯೇ. ಡಿಸ್‌ಕಲರ್ ಎಂದು ಬರೆದಾಗ ಯು ಇದ್ದು, ಡಿಸ್‌ಕಲರೇಷನ್ ಎಂದು ಮುಂದುವರಿಸಿದ ಕೂಡಲೇ ಅದು ಮಾಯವಾಗುತ್ತದೆ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಈ ಅಸ್ ಎಂಬ ಪ್ರತ್ಯಯದಲ್ಲಿ. ಹ್ಯೂಮರಸ್, ವಿಗರಸ್, ಗ್ಲಾಮರಸ್ ಎಂಬುವುಗಳ ನಡುವೆ ಯು ತೂರಿಸಿದ ಉತ್ತರಪತ್ರಿಕೆಗಳನ್ನು ನಾವು ವರ್ಷವರ್ಷವೂ ತಿದ್ದುತ್ತೇವೆ. ಕೊನೆಯಲ್ಲಿ ಬರುವ ಅಸ್ ಎಂಬುದರೊಳಗೆ ಒಂದು ಯು ಹೇಗೂ ಇದೆ. ಒಂದು ಮಾತಿಗೆ ಅದೊಂದೇ ಸಾಕೆಂದು ನೆನಪಿಟ್ಟುಕೊಂಡರೆ ಆ ತಪ್ಪು ಆಗಲಾರದು.

ಆದರೆ ಕೈಗೋಲನ್ನು ರಾಜದಂಡವೆಂದು ತಿಳಿಯಬಾರದು. ಅಸ್ ಎಂಬುದು ಮರ್ಡರಸ್, ಥಂಡರಸ್ ಎಂಬ ಕೆಲವು ಕಡೆಗಳಲ್ಲಿ ಅಚ್ಚ ಇಂಗ್ಲಿಷಿನ ಮಾತುಗಳಿಗೂ ಹತ್ತಿದೆ. ಇಸ್ಟ್ ಎಂಬುದರ ನಡತೆಯಂತೂ ವಿಚಿತ್ರ: ಬಣ್ಣಗಳಲ್ಲಿ ನಿಪುಣನಾದ ಕಲರಿಸ್ಟನಿಗೆ ಯು ಉಂಟು, ನಗಿಸುವ ಹ್ಯೂಮರಿಸ್ಟನಿಗೆ ಇಲ್ಲ. ಇದಕ್ಕೆ ನಿಯಮದಲ್ಲಿ ಸಮಾಧಾನವಿಲ್ಲ, ರೂಢಿಯಲ್ಲಿ ಮಾತ್ರ ಉಂಟು. ಕೇಶಿರಾಜನೂ ಅರಿಸಮಾಸವನ್ನು ನಿಷೇಧಿಸಿ, ಬಿರುದಾವಳಿಗಳಲ್ಲಿ ಅದಕ್ಕೆ ಎಡೆಗೊಟ್ಟನು. ಭಾಷೆಯ ನಿಯಮಗಳು ಹಾಗೆಯೇ. ಬಹುಜನರ ನಡೆಯನ್ನು ಅವು ವರ್ಣಿಸುತ್ತವೆ, ಪ್ರತಿಯೊಬ್ಬನನ್ನೂ ಕಟ್ಟಿಹಾಕುವುದಿಲ್ಲ.

ಅಮೆರಿಕನರ ವಿಚಾರವನ್ನು ಎರಡು ಮಾತಿನಲ್ಲಿ ಹೇಳಬಹುದು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿಯೇ ಆನರ್ ಎಂಬುದನ್ನು ಯು ಸಹಿತವಾಗಿಯೂ ರಹಿತವಾಗಿಯೂ ಬರೆಯುತ್ತಿದ್ದರು. 1755ರಲ್ಲಿ ಡಾಕ್ಟರ್ ಜಾನ್‌ಸನ್ನನು ತನ್ನ ನಿಘಂಟಿನಲ್ಲಿ ಯು ಸಹಿತವಾದ ರೂಪಕ್ಕೆ ಪಟ್ಟ ಕಟ್ಟಿದನು. ಇಂದು ಯು ಇಲ್ಲದೆ ಬರೆಯುವ ಎರರ್, ಹಾರರ್ ಎಂಬುವುಗಳಿಗೂ ಅವನು ಯು ಕೊಟ್ಟಿದ್ದನು. ಅವು ಅದನ್ನು ಆಮೇಲೆ ಕಳೆದುಕೊಂಡವು, ಆನರ್ ಕಳೆದುಕೊಳ್ಳಲಿಲ್ಲ. 1828ರಲ್ಲಿ ಅಮೆರಿಕದ ನೋವಾ ವೆಬ್‌ಸ್ಟರನು ತನ್ನ ನಿಘಂಟಿನಲ್ಲಿ ಈ ವರ್ಗದ ಮಾತುಗಳಿಂದ ಯುವನ್ನು ತೆಗೆದುಹಾಕಿದನು. ಆದುದರಿಂದ ಅಮೆರಿಕನರಿಗೆ ನಮ್ಮ ಪ್ರಶ್ನೆಯೇ ಇಲ್ಲ. ಮೂರು ಮಾತುಗಳಲ್ಲಿಯೂ ಅವರು ಯುವನ್ನು ಬರೆಯುವುದಿಲ್ಲ. ನಮ್ಮ ದೇಶವು ಬ್ರಿಟಿಷರ ಕ್ರಮವನ್ನು ಉಳಿಸಿಕೊಂಡಿದೆ. ಎರಡರಲ್ಲಿ ಯಾವುದನ್ನು ಹಿಡಿದರೂ ಬಾಧಕವಿಲ್ಲ. ಒಂದೇ ಪುಟದಲ್ಲಿ ಎರಡನ್ನೂ ಬೆರಸಬಾರದು. ಇಲ್ಲೊಂದು ಎಚ್ಚರಿಕೆ: ಗಣಕಯಂತ್ರವು ಅಮೆರಿಕದ ಕ್ರಮದಲ್ಲಿದ್ದರೆ ಯು ಉಳ್ಳ ಆನರ್ ಮತ್ತು ಆನರಬಲ್‌ಗಳ ಕೆಳಗೆ ಕೆಂಪು ಗೆರೆ ಎಳೆಯುತ್ತದೆ, ಆನರರಿಯನ್ನು ಮಾತ್ರ ತಡೆಯದು. ಇದನ್ನು ಕಂಡರೆ ಯಂತ್ರವು ಯಾವ ದೇಶದ ಶಾಲೆಯಲ್ಲಿ ಓದಿದೆಯೆಂದು ತಿಳಿದುಕೊಂಡು, ಅದರ ಭಾಷೆಯನ್ನು ಭಾರತದ ಇಂಗ್ಲಿಷಿಗೆ ಬದಲಿಸಬೇಕು. ಯು ಸೇರಿಸಿದ ಆನರರಿಗೆ ಮಾತ್ರ ಎರಡು ಕ್ರಮಗಳಲ್ಲಿಯೂ ಸ್ಥಾನವಿಲ್ಲ.

ಇಷ್ಟೆಲ್ಲ ಅಕ್ಷರದ ಮಾತಾಯಿತು. ಅರ್ಥದ ಮಾತನ್ನು ಬಿಟ್ಟರೆ ವಿಷಯವು ಪೂರ್ಣವಾಗದು. ಆನರಬಲ್ ಎಂದರೆ ಗೌರವಕ್ಕೆ ಪಾತ್ರನಾದವನು; ಮಂತ್ರಿಗೂ ನ್ಯಾಯಾಧೀಶನಿಗೂ ಆ ಸ್ಥಾನದಿಂದ ಅದು ಸಲ್ಲುತ್ತದೆ. ಆನರರಿ ಎಂದರೆ ಸಂಬಳವನ್ನು ಬಯಸದೆ ಗೌರವಕ್ಕಾಗಿ ಕೆಲಸ ಮಾಡುವವನು, ಇಲ್ಲವೆ ಪರೀಕ್ಷೆಯಿಲ್ಲದೆ ಗೌರವಾರ್ಥವಾಗಿ ಕೊಟ್ಟ ಪದವಿ. ಒಂದು ವ್ಯಕ್ತಿಯ ಯೋಗ್ಯತೆಯನ್ನು ಹೇಳಿದರೆ, ಇನ್ನೊಂದು ಹುದ್ದೆಯ ಕರಾರನ್ನು ಹೇಳುತ್ತದೆ. ನಮ್ಮೂರಿನ ಉರ್ದುವಿನಲ್ಲಿ ಈ ಭೇದವು ಚೆನ್ನಾಗಿ ಒಡಮೂಡಿದೆ. ಇಜ್ಜತ್ ಎಂಬುದೂ ಎಜಾಜ್ ಎಂಬುದೂ ಅರಬಿಯ ಒಂದೇ ಧಾತುವಿನಿಂದ ಬಂದುವು. ಆದರೂ ಇಜ್ಜತ್‌ದಾರ್ ಎಂದರೆ ಮರ್ಯಾದಸ್ಥನು, ಎಜಾಜಿ ಎಂದರೆ ಗೌರವಾರ್ಥವಾದದ್ದು. ಒಂದರ ಜಾಗದಲ್ಲಿ ಇನ್ನೊಂದನ್ನು ಯಾರೂ ಹೇಳುವುದಿಲ್ಲ. ಕನ್ನಡದಲ್ಲಿ ಗೌರವಾನ್ವಿತ ಎಂದರೆ ಮೊದಲನೆಯದು, ಗೌರವ ಕಾರ್ಯದರ್ಶಿ ಎಂದರೆ ಎರಡನೆಯದು.

ಇಂಗ್ಲಿಷಿನಲ್ಲಿ ಸಂಕ್ಷೇಪವೇ ತೊಡಕನ್ನು ತರುತ್ತದೆ. ಎಚ್, ಒ, ಎನ್ ಎಂಬ ಮೂರಕ್ಷರಗಳನ್ನು ಬರೆದು ಚುಕ್ಕೆಯಿಟ್ಟರೆ ಅದು ಆನರಬಲ್ ಆಗಬಹುದು, ಆನರರಿಯೂ ಆಗಬಹುದು. ಕಮಲಾಪುರದ ಪತ್ರಿಕೆಯಲ್ಲಿ ಇದೂ ಒಂದು ತಪ್ಪಾಗಿತ್ತೆಂಬುದು ಆಮೇಲೆ ನಮ್ಮ ಕಣ್ಣಿಗೆ ಬಿದ್ದಿತು. ಶಾಲೆಯ ಕಾರ್ಯದರ್ಶಿಯವರ ಹೆಸರಿನ ಬಳಿ ಇಂಗ್ಲಿಷಿನಲ್ಲಿ ಈ ಮೂರಕ್ಷರಗಳಿದ್ದುವು. ಅವರು ಬಿಡಿಗಾಸಿಲ್ಲದೆ ದುಡಿಯುವ ಗೌರವ ಕಾರ್ಯದರ್ಶಿಗಳು. ಕನ್ನಡದ ಭಾಗವನ್ನು ಬರೆದವರು ಅದನ್ನು ಆನರಬಲ್ ಎಂದು ಓದಿಕೊಂಡು ‘ಮಾನ್ಯ ಕಾರ್ಯದರ್ಶಿಗಳು’ ಎಂದು ಬರೆದಿದ್ದರು. ಮಾನ್ಯರೆಂದುದರಲ್ಲಿ ಅಗೌರವವೇನೂ ಇಲ್ಲ. ಆದರೆ ಸಂಬಳವಿಲ್ಲದ ಅವರ ಸೇವೆಯನ್ನು ಊರಿಗೆ ತಿಳಿಸುತ್ತಿದ್ದ ಒಂದೇ ಮಾತು ಅಳಿಸಿಹೋಯಿತು. ದಾನಿಗಳಿಗೆ ಲೆಕ್ಕ ಒಪ್ಪಿಸಬೇಕಾದ ಸಂಸ್ಥೆಯಲ್ಲಿ ಇದು ಸಣ್ಣ ನಷ್ಟವಲ್ಲ.

ನಮ್ಮ ದೇಶದವರು ಈ ತೊಡಕಿಗೆ ಒಂದು ಉಪಾಯವನ್ನು ರೂಢಿಸಿಕೊಂಡಿದ್ದಾರೆ. ಎಚ್, ಒ, ಎನ್ ಎಂದು ಬರೆದು, ಮೇಲೆ ಒಂದು ಕೊಂಬು ಹಾಕಿ, ಬಿ, ಎಲ್, ಇ ಎಂದು ಮುಗಿಸುವುದು ಆ ಉಪಾಯ. ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಖಾಯಂ ಆದ ಉಚ್ಚ ನ್ಯಾಯಾಲಯದ ಪೀಠದ ಕಾಗದಪತ್ರಗಳಲ್ಲಿ ನ್ಯಾಯಮೂರ್ತಿಗಳ ಹೆಸರಿನ ಹಿಂದೆ ಈ ರೂಪವನ್ನು ಕಾಣಬಹುದು. ಬಾಲವನ್ನು ಉಳಿಸಿಕೊಂಡಿರುವುದರಿಂದ ಅದು ಆನರಬಲ್ ಎಂಬುದು ಸ್ಪಷ್ಟ. ಆನರರಿಯೆಂದು ಓದಲು ಎಡೆಯಿಲ್ಲ. ನಮ್ಮ ಪ್ರಶ್ನೆಗೆ ಕಾರಣವಾದ ಯು ಇರುವ ಭಾಗವೇ ಅಲ್ಲಿ ನುಂಗಿಹೋಗಿರುವುದರಿಂದ ತಪ್ಪು ಬರೆಯುವ ಭಯವೂ ಇಲ್ಲ. ಆನರರಿಗೆ ಅಂತಹ ಸುಲಭವಾದ ಸಂಕ್ಷೇಪವಿಲ್ಲ. ಅದನ್ನು ಪೂರ್ತಿಯಾಗಿ, ಯು ಇಲ್ಲದೆ ಬರೆಯುವುದೇ ಕ್ಷೇಮ.

ಕಮಲಾಪುರದ ಪತ್ರಿಕೆ ಮತ್ತೆ ಅಚ್ಚಾಯಿತು. ಈ ಸಲ ಆನರಬಲ್ ಎಂಬಲ್ಲಿ ಯು ಇತ್ತು, ಆನರರಿ ಎಂಬಲ್ಲಿ ಇರಲಿಲ್ಲ, ಕಾರ್ಯದರ್ಶಿಯವರು ಕನ್ನಡದಲ್ಲಿಯೂ ‘ಗೌರವ ಕಾರ್ಯದರ್ಶಿ’ಗಳಾಗಿದ್ದರು. ಎರಡನೆಯ ಅಚ್ಚಿನ ಖರ್ಚನ್ನು ತೋಟದ ಯಜಮಾನರೇ ಕೊಟ್ಟರು. ಉತ್ಸವದ ದಿನ ನಾವು ಹೋದಾಗ ಮುಖ್ಯೋಪಾಧ್ಯಾಯರು ಏಳನೆಯ ತರಗತಿಯ ಕರಿಹಲಗೆಯನ್ನು ತೋರಿಸಿದರು. ಅದರ ಮೇಲೆ ಒಂದು ಕಡೆ ವರುಷ, ವರುಷದ, ವಾರ್ಷಿಕ ಎಂದೂ, ಅದರ ಎದುರಿಗೆ ಇಂಗ್ಲಿಷಿನ ಆ ಮೂರು ಮಾತುಗಳನ್ನೂ ಅವರು ಬರೆದಿದ್ದರು. ಯು ಎಂಬ ಅಕ್ಷರಕ್ಕೆ ಕೆಂಪು ಸೀಮೆಸುಣ್ಣವನ್ನು ಬಳಸಿದ್ದರು. ಅದು ಎರಡು ಕಡೆಗಳಲ್ಲಿ ಮಾತ್ರ ಇದ್ದಿತು.